ದರೋಡೆ ಎಂಬ ಹೆಸರಿನಲ್ಲಿ

1957ರಲ್ಲಿ ಪುಣೆಯ ಯರವಡಾ ಜೈಲಿನಿಂದ ಒಬ್ಬ ಕೈದಿಯ ಬಿಡುಗಡೆಯಾಯಿತು. ಅವನು ಲಾತೂರಿನಲ್ಲಿ ವಕೀಲಿಕೆ ಮಾಡಿದ್ದವನು. ಹೈದರಾಬಾದ್ ಸಂಸ್ಥಾನದ ಕೊನೆಯ ದಿನಗಳಲ್ಲಿ ರಜಾಕಾರರ ನಾಯಕನಾಗಿದ್ದವನು. ಹೆಸರು ಕಾಸಿಂ ರಜ್ವಿ. ಬಿಡುಗಡೆಯ ನಂತರ ಅವನು ಪಾಕಿಸ್ತಾನಕ್ಕೆ ಹೊರಟುಹೋದ.

ಬೀದರ್, ಕಲಬುರಗಿ, ರಾಯಚೂರು ಕಡೆಯ ಹಳೆಯ ತಲೆಮಾರಿಗೆ ಈ ಹೆಸರು ಹೇಳಿದರೆ ನೆನಪಾಗುವುದು ಸುಟ್ಟ ಊರುಗಳು, ಗೋರಟಾದ ಹತ್ಯೆಗಳು, ಗಡಿ ದಾಟಿ ಓಡಿದ ಕುಟುಂಬಗಳು. ಆದರೆ ನ್ಯಾಯಾಲಯದ ಕಡತದಲ್ಲಿ ಅವನಿಗೆ ಶಿಕ್ಷೆ ತಂದ ಅಪರಾಧ ಬೇರೆಯೇ ಊರಿನದು, ಬೇರೆಯೇ ಹೆಸರಿನದು. 1948ರ ಜನವರಿ 10ರಂದು ಹೈದರಾಬಾದ್ ನಗರಕ್ಕೆ ಹತ್ತಿರದ ಬೀಬಿನಗರದಲ್ಲಿ ರಜಾಕಾರರ ಗುಂಪೊಂದು ಊರಿಗೆ ನುಗ್ಗಿ ಮನೆಗಳನ್ನು ದೋಚಿತು, ಜನರನ್ನು ಹೊಡೆಯಿತು ಎಂಬುದು ಆರೋಪ. ಪ್ರಕರಣದ ಹೆಸರು ಬೀಬಿನಗರ ದರೋಡೆ ಪ್ರಕರಣ.

ಒಂದು ಸಂಸ್ಥಾನವನ್ನೇ ನಡುಗಿಸಿದವನ ಮೇಲೆ ಹೊರಿಸಲು ಸಿಕ್ಕಿದ್ದು ದರೋಡೆಯೇ? ಇಂದಿನ ಅಂತರರಾಷ್ಟ್ರೀಯ ಅಪರಾಧ ಕಾನೂನಿನ ಕಣ್ಣಿನಿಂದ ನೋಡಿದರೆ ಈ ಪ್ರಶ್ನೆಗೆ ಅಚ್ಚರಿಯ ಉತ್ತರ ಸಿಗುತ್ತದೆ. ಹೆಸರು ಚಿಕ್ಕದಾಗಿದ್ದುದು ಅಲ್ಲಿ ದೊಡ್ಡ ಕೊರತೆಯಲ್ಲ. ಕೊರತೆ ಬೇರೆ ಕಡೆ ಇದೆ.

ಜನಾಂಗಹತ್ಯೆ, ಮಾನವತೆಯ ವಿರುದ್ಧದ ಅಪರಾಧ, ಯುದ್ಧಾಪರಾಧ ಈ ಮೂರನ್ನೂ ವಿಚಾರಿಸುವ ಅಂತರರಾಷ್ಟ್ರೀಯ ಅಪರಾಧ ನ್ಯಾಯಾಲಯ ಹೇಗ್ ನಗರದಲ್ಲಿದೆ. ಅದನ್ನು ಹುಟ್ಟುಹಾಕಿದ್ದು 1998ರ ರೋಮ್ ಶಾಸನ. ಈ ನ್ಯಾಯಾಲಯ ದೇಶಗಳ ನ್ಯಾಯಾಲಯಗಳ ಮೇಲೆ ಕೂತ ಮೇಲ್ಮನವಿ ಪೀಠವಲ್ಲ. ಮೊದಲ ಹಕ್ಕು, ಮೊದಲ ಹೊಣೆ ಎರಡೂ ದೇಶದ್ದೇ. ದೇಶ ಪ್ರಾಮಾಣಿಕವಾಗಿ ತನಿಖೆ ಅಥವಾ ವಿಚಾರಣೆ ನಡೆಸುತ್ತಿದ್ದರೆ ಹೇಗ್ ಕೈಹಾಕುವಂತಿಲ್ಲ. ದೇಶ ಸುಮ್ಮನಿದ್ದರೆ, ವಿಚಾರಣೆ ನಡೆಸುವ ಮನಸ್ಸಿಲ್ಲದಿದ್ದರೆ ಅಥವಾ ಶಕ್ತಿಯಿಲ್ಲದಿದ್ದರೆ ಮಾತ್ರ ಅದರ ಬಾಗಿಲು ತೆರೆಯುತ್ತದೆ. ಇದನ್ನೇ ಪೂರಕತೆಯ ತತ್ವ ಎನ್ನುತ್ತಾರೆ.

ಹಾಗಾದರೆ ದೇಶ ತನ್ನ ಕೆಲಸ ಮಾಡಿದೆ ಎಂದು ಅಳೆಯುವುದು ಹೇಗೆ? ಹೇಗ್‌ನ ನ್ಯಾಯಾಧೀಶರು ನೋಡುವುದು ಎರಡನ್ನು: ಅದೇ ವ್ಯಕ್ತಿಯೇ, ಮತ್ತು ಮುಖ್ಯವಾಗಿ ಅದೇ ಕೃತ್ಯವೇ. ಕಾಂಗೋದ ಥಾಮಸ್ ಲುಬಾಂಗಾ ಹೇಗ್‌ಗೆ ಬರುವ ಮೊದಲೇ ತನ್ನ ದೇಶದ ಜೈಲಿನಲ್ಲಿದ್ದ. ಅಲ್ಲಿನ ಆರೋಪಗಳಲ್ಲಿ ಜನಾಂಗಹತ್ಯೆಯಂಥ ಭಾರವಾದ ಪದವೇ ಇತ್ತು. ಆದರೆ ಮಕ್ಕಳನ್ನು ಸೈನಿಕರನ್ನಾಗಿ ಮಾಡಿದ ಕೃತ್ಯ ಅಲ್ಲಿರಲಿಲ್ಲ. ಆದ್ದರಿಂದ 2006ರಲ್ಲಿ ಹೇಗ್ ಆ ಪ್ರಕರಣವನ್ನು ಕೈಗೆತ್ತಿಕೊಂಡಿತು. ಲಿಬಿಯಾದ ಅಬ್ದುಲ್ಲಾ ಅಲ್ ಸೆನುಸ್ಸಿಯ ಪ್ರಕರಣ ಇದಕ್ಕೆ ತದ್ವಿರುದ್ಧ. ಲಿಬಿಯಾದ ಕಾನೂನಿನಲ್ಲಿ ಮಾನವತೆಯ ವಿರುದ್ಧದ ಅಪರಾಧ ಎಂಬ ಕಲಮೇ ಇರಲಿಲ್ಲ. ಕೊಲೆ, ಲೂಟಿಯಂಥ ಸಾಮಾನ್ಯ ಆರೋಪಗಳಿದ್ದವು. ಆದರೂ 2013ರಲ್ಲಿ ಹೇಗ್ ಆ ಪ್ರಕರಣವನ್ನು ಲಿಬಿಯಾಕ್ಕೇ ಬಿಟ್ಟಿತು. ಕೃತ್ಯ ಅದೇ ಆಗಿದ್ದರೆ ಸಾಕು, ಹೆಸರು ಅದೇ ಆಗಬೇಕಿಲ್ಲ ಎಂಬುದು ಅದರ ತರ್ಕ.

ಈ ಅಳತೆಗೋಲನ್ನು 1948ಕ್ಕೆ ಕಾನೂನಾಗಿ ಅನ್ವಯಿಸಲು ಬರುವುದಿಲ್ಲ. ಹೇಗ್ ನ್ಯಾಯಾಲಯದ ಅಧಿಕಾರ 2002ರ ಜುಲೈ 1ರಿಂದ ಈಚಿನ ಕೃತ್ಯಗಳಿಗೆ ಮಾತ್ರ. ಭಾರತ ಅದರ ಸದಸ್ಯ ದೇಶವೂ ಅಲ್ಲ. ಆದರೆ ಇತಿಹಾಸವನ್ನು ಓದುವ ಪ್ರಶ್ನೆಯಾಗಿ ಅದನ್ನು ಬಳಸಬಹುದು: ಆ ವರ್ಷ ಯಾವ ಕೃತ್ಯಗಳು ನ್ಯಾಯಾಲಯ ತಲುಪಿದವು, ಯಾವುವು ತಲುಪಲಿಲ್ಲ?

ಬೀಬಿನಗರದ ಕೃತ್ಯ ತಲುಪಿತು. ಸೈನಿಕ ಕಾರ್ಯಾಚರಣೆಯ ನಂತರ ಬಂದ ಮಿಲಿಟರಿ ಆಡಳಿತ ಅದಕ್ಕಾಗಿ ವಿಶೇಷ ನ್ಯಾಯಮಂಡಳಿ ರಚಿಸಿತು. ವಿಚಾರಣೆ ನಡೆಯುತ್ತಿದ್ದಾಗಲೇ ಸಂವಿಧಾನ ಜಾರಿಗೆ ಬಂತು. 1950ರ ಸೆಪ್ಟೆಂಬರ್‌ನಲ್ಲಿ ಶಿಕ್ಷೆಯಾಯಿತು. ತನಗೆ ಮಾತ್ರ ಬೇರೆ ಬಗೆಯ ವಿಚಾರಣೆ ನಡೆಸಿದ್ದು ಸಮಾನತೆಯ ಹಕ್ಕಿಗೆ ವಿರುದ್ಧ ಎಂದು ರಜ್ವಿ ಸುಪ್ರೀಂ ಕೋರ್ಟಿಗೆ ಹೋದ. 1953ರಲ್ಲಿ ಐವರ ಪೀಠ ಒಡೆದ ತೀರ್ಪು ಕೊಟ್ಟಿತು. ಒಟ್ಟಾರೆ ನೋಡಿದರೆ ಆರೋಪಿಗೆ ಸಾಮಾನ್ಯ ವಿಚಾರಣೆಯ ಮುಖ್ಯ ರಕ್ಷಣೆಗಳು ಸಿಕ್ಕಿವೆ ಎಂದು ಬಹುಮತ ಹೇಳಿ ಶಿಕ್ಷೆಯನ್ನು ಉಳಿಸಿತು. ಸೋತ ಪಕ್ಷದ ನಾಯಕನೂ ಗೆದ್ದವರ ಅತ್ಯುನ್ನತ ನ್ಯಾಯಾಲಯದಲ್ಲಿ ವಿಚಾರಣೆಯ ಕ್ರಮವನ್ನೇ ಪ್ರಶ್ನಿಸಬಹುದಿತ್ತು. ಆ ಪ್ರಶ್ನೆಗೆ ಭಿನ್ನಮತದ ನ್ಯಾಯಾಧೀಶರೂ ಇದ್ದರು. ತೋರಿಕೆಗಾಗಿ ನಡೆಸುವ ವಿಚಾರಣೆ ಹೀಗಿರುವುದಿಲ್ಲ. ಆದರೆ ಅದು ತಲುಪಿದ್ದು ಒಂದು ದಿನ, ಒಂದು ಊರಿನ ಕೃತ್ಯವನ್ನು ಮಾತ್ರ. ಗೋರಟಾ ಆ ಕಡತದಲ್ಲಿಲ್ಲ.

ಇನ್ನೊಂದು ಬದಿಯ ಕಥೆಯೂ ಪುಣೆಯಿಂದಲೇ ಶುರುವಾಗುತ್ತದೆ. ಹೈದರಾಬಾದ್ ಕಾರ್ಯಾಚರಣೆಯ ಹೊಣೆ ಹೊತ್ತಿದ್ದು ಪುಣೆಯಲ್ಲಿ ನೆಲೆಯಿದ್ದ ಸೇನೆಯ ದಕ್ಷಿಣ ಕಮಾಂಡ್. 1948ರ ಸೆಪ್ಟೆಂಬರ್ 13ರಂದು ಹೊರಟ ಸೇನೆಯ ಮುಂದೆ 17ರಂದು ನಿಜಾಮ ಕದನ ನಿಲ್ಲಿಸಿದ. ಆಮೇಲೆ ಹಳ್ಳಿಗಳಲ್ಲಿ ಸೇಡಿನ ಹತ್ಯೆಗಳು ನಡೆದವು. ಈ ಬಾರಿ ಸತ್ತವರು ಮುಸ್ಲಿಮರು; ಅವರಲ್ಲಿ ರಜಾಕಾರರ ಜೊತೆ ಸಂಬಂಧವೇ ಇಲ್ಲದವರೂ ಇದ್ದರು. ಪಂಡಿತ ಸುಂದರಲಾಲರ ನೇತೃತ್ವದ ಸಮಿತಿಯೊಂದನ್ನು ಕೇಂದ್ರ ಸರ್ಕಾರ ಕಳಿಸಿತು. ನವೆಂಬರ್ 29ರಿಂದ ಡಿಸೆಂಬರ್ 21ರವರೆಗೆ ಅದು ಸಂಸ್ಥಾನವನ್ನು ಸುತ್ತಿತು. ಸತ್ತವರು ಬಹಳ ಎಚ್ಚರಿಕೆಯ ಲೆಕ್ಕದಲ್ಲೂ 27,000ದಿಂದ 40,000 ಎಂದು ಬರೆಯಿತು. ಅತಿ ಹೆಚ್ಚು ನೊಂದವು ಎಂದು ಅದು ಗುರುತಿಸಿದ ನಾಲ್ಕು ಜಿಲ್ಲೆಗಳು ಉಸ್ಮಾನಾಬಾದ್, ಕಲಬುರಗಿ, ಬೀದರ್, ನಾಂದೇಡ್. ಕೆಲವೆಡೆ ಸೈನಿಕರು ಮತ್ತು ಪೊಲೀಸರು ಪಾಲ್ಗೊಂಡದ್ದನ್ನೂ ಅದು ದಾಖಲಿಸಿತು. ನೆರೆಯವರನ್ನು ಪ್ರಾಣ ಒತ್ತೆಯಿಟ್ಟು ಕಾಪಾಡಿದ ಹಿಂದೂಗಳನ್ನೂ ದಾಖಲಿಸಿತು.

ಈ ಸಮಿತಿ ತಿರುಗುತ್ತಿದ್ದ ದಿನಗಳಲ್ಲೇ, ಡಿಸೆಂಬರ್ 9ರಂದು, ಪ್ಯಾರಿಸ್‌ನಲ್ಲಿ ವಿಶ್ವಸಂಸ್ಥೆ ಜನಾಂಗಹತ್ಯೆಯ ಒಪ್ಪಂದವನ್ನು ಅಂಗೀಕರಿಸಿತು. ಅದಕ್ಕೆ ದಾರಿ ಮಾಡಿದ 1946ರ ನಿರ್ಣಯವನ್ನು ತಂದ ಮೂರು ದೇಶಗಳಲ್ಲಿ ಭಾರತವೂ ಒಂದು. ಆರೋಪಿಗಳನ್ನು ಕೃತ್ಯ ನಡೆದ ದೇಶದ ನ್ಯಾಯಾಲಯ ವಿಚಾರಿಸಬೇಕು, ಇಲ್ಲವೇ ಅಂತರರಾಷ್ಟ್ರೀಯ ನ್ಯಾಯಮಂಡಳಿ ಎಂದು ಆ ಒಪ್ಪಂದದ ಆರನೆಯ ವಿಧಿ ಹೇಳಿತು. ಅಂಥ ನ್ಯಾಯಮಂಡಳಿ ಆಗ ಇರಲಿಲ್ಲ. ಉಳಿದದ್ದು ದೇಶವೊಂದೇ.

ಬೀದರ್, ಕಲಬುರಗಿಯ ಸೆಪ್ಟೆಂಬರ್ ಹತ್ಯೆಗಳನ್ನು ಜನಾಂಗಹತ್ಯೆ ಎನ್ನಬಹುದೇ ಎಂಬುದು ಬೇರೆ ವಾದ. ಅದಕ್ಕೆ ಒಂದು ಗುಂಪನ್ನೇ ಗುಂಪಾಗಿ ನಾಶಮಾಡುವ ಉದ್ದೇಶ ರುಜುವಾಗಬೇಕು, ಅದು ಸುಲಭವಲ್ಲ. ಪೂರಕತೆಯ ಪ್ರಶ್ನೆಗೆ ಆ ಪದ ಬೇಕಾಗಿಯೂ ಇಲ್ಲ. ಕೊಲೆ ಎಂಬ ಪದ ಸಾಕಿತ್ತು. ಆದರೆ ಸುಂದರಲಾಲ್ ಸಮಿತಿ ತನ್ನನ್ನು ತನಿಖಾ ಆಯೋಗ ಎಂದು ಕರೆದುಕೊಳ್ಳಲಿಲ್ಲ. ಅದು ಸೌಹಾರ್ದ ನಿಯೋಗ. ಅದರ ವರದಿ ದಶಕಗಳ ಕಾಲ ಪ್ರಕಟವಾಗಲಿಲ್ಲ. ಸಾಮಾನ್ಯ ಓದುಗರ ಚರ್ಚೆಗೆ ಬಂದದ್ದು 2013ರ ಹೊತ್ತಿಗೆ. ರಜ್ವಿಗಾಗಿ ರಚನೆಯಾದಂಥ ವಿಶೇಷ ನ್ಯಾಯಮಂಡಳಿ ಈ ಹತ್ಯೆಗಳಿಗಾಗಿ ರಚನೆಯಾಗಲಿಲ್ಲ. ವರದಿ ಬರೆಯುವುದು ಬೇರೆ, ವಿಚಾರಿಸುವುದು ಬೇರೆ. ಇಂಥ ಮೌನವನ್ನು ಹೇಗ್‌ನ ಭಾಷೆಯಲ್ಲಿ ನಿಷ್ಕ್ರಿಯತೆ ಎನ್ನುತ್ತಾರೆ. ಅಲ್ಲಿ ದೇಶಕ್ಕೆ ಮನಸ್ಸಿತ್ತೇ ಶಕ್ತಿಯಿತ್ತೇ ಎಂಬ ಪ್ರಶ್ನೆಯೂ ಏಳುವುದಿಲ್ಲ.

ಹಾಗೆಂದು ಹೆಸರಿಗೆ ಬೆಲೆಯೇ ಇಲ್ಲವೆಂದಲ್ಲ. 2018ರ ಡಿಸೆಂಬರ್ 17ರಂದು, 1984ರ ಸಿಖ್ಖರ ಹತ್ಯೆಯ ಪ್ರಕರಣದಲ್ಲಿ ಸಜ್ಜನ್ ಕುಮಾರ್‌ಗೆ ಶಿಕ್ಷೆ ವಿಧಿಸುತ್ತ ದೆಹಲಿ ಹೈಕೋರ್ಟ್ ಒಂದು ಮಾತು ಸೇರಿಸಿತು: ಜನಾಂಗಹತ್ಯೆಯಾಗಲಿ ಮಾನವತೆಯ ವಿರುದ್ಧದ ಅಪರಾಧವಾಗಲಿ ಭಾರತದ ದಂಡ ಕಾನೂನಿನಲ್ಲಿ ಇಲ್ಲ, ಈ ಕಿಂಡಿಯನ್ನು ಬೇಗ ಮುಚ್ಚಬೇಕು. ಒಂದೊಂದು ಕೊಲೆಯನ್ನು ಬಿಡಿಬಿಡಿಯಾಗಿ ವಿಚಾರಿಸಿದರೆ ಕತ್ತಿ ಹಿಡಿದವನು ಸಿಗುತ್ತಾನೆ, ಹಿಂದೆ ನಿಂತು ವ್ಯವಸ್ಥೆ ಮಾಡಿದವನು ಜಾರಿಕೊಳ್ಳುತ್ತಾನೆ. ಆ ಎಳೆಗಳನ್ನು ಒಂದೇ ಕೃತ್ಯವಾಗಿ ಹೆಣೆಯುವುದೇ ಈ ದೊಡ್ಡ ಹೆಸರುಗಳ ಕೆಲಸ. 2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲೂ ಆ ಕಲಮುಗಳಿಲ್ಲ.

ರೋಮ್‌ನಲ್ಲಿ 1998ರ ಜುಲೈ 17ರಂದು ನಡೆದ ಮತದಾನದಿಂದ ಭಾರತ ದೂರ ನಿಂತಿತ್ತು. ಭದ್ರತಾ ಮಂಡಳಿಗೆ ಕೊಟ್ಟ ಅಧಿಕಾರ, ಅಣ್ವಸ್ತ್ರ ಬಳಕೆಯನ್ನು ಅಪರಾಧದ ಪಟ್ಟಿಗೆ ಸೇರಿಸದೆ ಬಿಟ್ಟದ್ದು ಮೊದಲಾದ ಅದರ ಆಕ್ಷೇಪಗಳಲ್ಲಿ ತೂಕವಿದೆ. ಆದರೆ ನಮ್ಮ ಅಪರಾಧಗಳನ್ನು ನಮ್ಮ ನ್ಯಾಯಾಲಯವೇ ವಿಚಾರಿಸಲಿ ಎನ್ನುವ ದೇಶ ಅವುಗಳನ್ನು ವಿಚಾರಿಸಿಯೂ ತೋರಿಸಬೇಕಾಗುತ್ತದೆ. ಬೀಬಿನಗರದ ಕಡತ ಯರವಡಾದ ಬಾಗಿಲವರೆಗೆ ಹೋಯಿತು. ಕಲಬುರಗಿ, ಬೀದರಿನ ಸೆಪ್ಟೆಂಬರ್ ಹತ್ಯೆಗಳಿಗೆ ಉಳಿದದ್ದು ಬಹುಕಾಲ ಯಾರೂ ಓದದ ಒಂದು ವರದಿ.