ಕೈಫಿಯತ್ತಿನ ಉದ್ದ ವಾಕ್ಯ

ಟಿಪ್ಪು ಸುಲ್ತಾನನು 1799ರಲ್ಲಿ ಮಡಿದ ಮೇಲೆ ಕರ್ನಲ್ ಕಾಲಿನ್ ಮೆಕೆಂಜಿಯು ಮೈಸೂರು ಸೀಮೆಯ ಮೋಜಣಿಗೆ ತೊಡಗಿದನಷ್ಟೆ. ನೆಲವನ್ನು ಅಳೆಯುವುದರೊಂದಿಗೆ ಊರೂರಿನ ಪೂರ್ವೋತ್ತರವನ್ನು ಬರೆಯಿಸಿಕೊಳ್ಳುವ ಕೆಲಸವನ್ನೂ ಅವನ ಜನ ಮಾಡಿದರು. ಹಾಗೆ ಬಂದ ಬರಹಗಳೇ ಕೈಫಿಯತ್ತುಗಳು. ಎಂ. ಎಂ. ಕಲಬುರ್ಗಿಯವರ ಸಂಪಾದಕತ್ವದಲ್ಲಿ ಅಚ್ಚಾದ ಮೇಲೆ ಇವು ಯಾರ ಕೈಗಾದರೂ ಸಿಕ್ಕುವಂತಾಗಿವೆ. ಆದರೆ ಕೈಗೆ ಸಿಕ್ಕಿದ್ದು ತಲೆಗೆ ಹತ್ತಬೇಕಲ್ಲ! ಚರಿತ್ರೆಯಲ್ಲಿ ಆಸಕ್ತಿಯುಳ್ಳವರು ಕೂಡ ನಾಲ್ಕು ಸಾಲು ಓದಿ, ಕರ್ತೃವೆಲ್ಲಿ ಕ್ರಿಯೆಯೆಲ್ಲಿ ಎಂದು ತಿಳಿಯದೆ, ಪುಸ್ತಕವನ್ನು ಮುಚ್ಚಿಡುವುದುಂಟು.

ಇದಕ್ಕೆ ಕಾರಣ ಹಳೆಯ ಮಾತುಗಳಲ್ಲ. ಆ ಮಾತುಗಳಿಗೆ ಕೋಶವುಂಟು. ಕಷ್ಟವಿರುವುದು ನಮ್ಮ ವ್ಯಾಕರಣ ಪಾಠದಲ್ಲಿ ಭೂತನ್ಯೂನವೆಂದು ಕರೆಯುವ ರೂಪದಲ್ಲಿ. ‘ಮಾಡಿ’, ‘ಬಂದು’, ‘ಆಗಿ’ ಎಂಬಿವು ಕ್ರಿಯೆಯನ್ನು ಹೇಳುತ್ತವೆ, ಆದರೆ ಮುಗಿಸುವುದಿಲ್ಲ. ಮುಗಿಸುವುದು ‘ಮಾಡಿದನು’, ‘ಬಂದನು’ ಎಂಬ ಪೂರ್ಣ ಕ್ರಿಯಾಪದ. ಕೈಫಿಯತ್ತು ಬರೆದವನು ಭೂತನ್ಯೂನಗಳನ್ನು ಸರಪಳಿಯಂತೆ ಕೋದು, ಎಲ್ಲೋ ಕೊನೆಗೆ ಒಂದು ಪೂರ್ಣ ಕ್ರಿಯಾಪದವನ್ನು ಇಟ್ಟು ಕೈತೊಳೆದುಕೊಳ್ಳುತ್ತಾನೆ.

ಅವನನ್ನು ದೂರುವುದು ಸುಲಭ. ಆದರೆ ಅವನು ಬರೆದದ್ದು ಕಣ್ಣಿಗಲ್ಲ, ಕಿವಿಗೆ. ಹಿರಿಯನೊಬ್ಬ ಹೇಳುತ್ತಿದ್ದ, ಶಾನುಭೋಗ ಬರೆದುಕೊಳ್ಳುತ್ತಿದ್ದ, ಬೇಕಾದಾಗ ಓದಿ ಹೇಳುತ್ತಿದ್ದ. ಅಲ್ಪವಿರಾಮ ಪೂರ್ಣವಿರಾಮಗಳ ಬಳಕೆ ಆ ಬರವಣಿಗೆಯಲ್ಲಿ ಇರಲಿಲ್ಲ. ‘ಕಟ್ಟಿ’ ಎಂದಾಗ ಓದುವವನ ದನಿ ಒಂದಿಷ್ಟು ಏರಿ ನಿಲ್ಲುತ್ತಿತ್ತು. ಆ ‘ಇ’ಕಾರವೇ ಅವನಿಗೆ ವಿರಾಮಚಿಹ್ನೆ. ನಮ್ಮ ಅಜ್ಜಿಯರು ಕಥೆ ಹೇಳುವಾಗಲೂ ಹೀಗೆಯೇ ಅಲ್ಲವೇ? ಅಚ್ಚಿನ ಮನೆಗಳು ಬಂದು, 1843ರಲ್ಲಿ ‘ಮಂಗಳೂರು ಸಮಾಚಾರ’ದಂತಹ ಪತ್ರಿಕೆ ಹುಟ್ಟಿ, ಶಾಲೆಯ ಪುಸ್ತಕಗಳು ಹರಡಿದ ಮೇಲೆ ಓದು ಮೌನವಾಗುತ್ತ ಬಂದಿತು. ಏರಿ ನಿಲ್ಲುವ ದನಿ ಹೋಯಿತು, ಬರಿಯ ‘ಇ’ಕಾರಗಳು ಉಳಿದುವು.

ಬಿಡಿಸುವ ಬಗೆಯನ್ನು ಒಂದು ಉದಾಹರಣೆಯಿಂದ ನೋಡೋಣ. ಇದು ಯಾವ ಊರಿನ ಕೈಫಿಯತ್ತೂ ಅಲ್ಲ. ಅವುಗಳ ಧಾಟಿಯಲ್ಲಿ ನಾನೇ ಕಟ್ಟಿದ್ದು:

‘ಸದರಿ ಗ್ರಾಮದ ಗೌಡ ಮಲ್ಲಪ್ಪನು ಕಾಡು ಕಡಿಸಿ ಊರು ಕಟ್ಟಿ ಕೆರೆ ಕಟ್ಟಿಸಿ ತೂಬು ಇಡಿಸಿ ಹತ್ತು ವರುಷ ಅನುಭವಿಸಿ ಮೃತನಾಗಿ ಆತನ ಮಗ ಚಿಕ್ಕಣ್ಣನು ಗೌಡಿಕೆ ಮಾಡಿ ಮಳೆಯಿಲ್ಲದೆ ಕೆರೆ ಬತ್ತಿ ರೈತರು ಊರು ಬಿಟ್ಟು ಹೋಗಿ ಕಂದಾಯ ನಿಂತು ಅಮಲ್ದಾರರು ಬಂದು ವಿಚಾರಿಸಿ ಏರಿಯನ್ನು ದುರಸ್ತು ಮಾಡಿಸಿ ಬಾಕಿಯನ್ನು ವಸೂಲು ಮಾಡಲಿಲ್ಲ.’

ಮೊದಲ ಕೆಲಸ, ಕರ್ತೃಪದಗಳ ಕೆಳಗೆ ಗೆರೆ ಎಳೆಯುವುದು. ಮಲ್ಲಪ್ಪ, ಚಿಕ್ಕಣ್ಣ, ಕೆರೆ, ರೈತರು, ಕಂದಾಯ, ಅಮಲ್ದಾರರು, ಒಟ್ಟು ಆರು. ಪೂರ್ಣ ಕ್ರಿಯಾಪದವಾದರೋ ಒಂದೇ. ಕರ್ತೃ ಬದಲಾಗುವ ಎಡೆಯೇ ವಾಕ್ಯವನ್ನು ಕತ್ತರಿಸಲು ಮೊದಲು ನೋಡಬೇಕಾದ ಎಡೆ.

ಇಲ್ಲಿ ಪಂಡಿತರಾದ ನಾವು ಒಂದು ತಪ್ಪು ಮಾಡುತ್ತೇವೆ. ಸಂಸ್ಕೃತದ ‘ಕ್ತ್ವಾ’ ಪ್ರತ್ಯಯಕ್ಕೆ ಎರಡು ಕ್ರಿಯೆಗಳ ಕರ್ತೃವೂ ಒಂದೇ ಆಗಿರಬೇಕೆಂದು ಪಾಣಿನಿಯ ಸೂತ್ರವುಂಟು. ಅದನ್ನು ಹಾಗೆಯೇ ಕನ್ನಡಕ್ಕೆ ಹಚ್ಚಿದರೆ ‘ಮಳೆ ಬಂದು ಕೆರೆ ತುಂಬಿತು’ ಎಂಬುದು ತಪ್ಪಾಗಬೇಕು. ಅದು ತಪ್ಪೆಂದು ಯಾವ ಒಕ್ಕಲಿಗನೂ ಒಪ್ಪನು, ನಾನೂ ಒಪ್ಪೆನು. ಒಂದರಿಂದ ಇನ್ನೊಂದು ತಾನಾಗಿ ಆಗುವಾಗ ಕರ್ತೃ ಬೇರೆಯಾದರೂ ಕನ್ನಡ ಸಹಿಸುತ್ತದೆ. ‘ರಾಮ ಬಂದು ಸೀತೆ ಹೋದಳು’ ಎಂದರೆ ಮಾತ್ರ ಕಿವಿಗೆ ಒಗ್ಗದು. ಅಲ್ಲಿ ‘ಬಂದ ಮೇಲೆ’ ಎನ್ನಬೇಕು. ಆದ್ದರಿಂದ ಕರ್ತೃ ಬದಲಾದಲ್ಲೆಲ್ಲ ಕಣ್ಣುಮುಚ್ಚಿ ಕತ್ತರಿ ಹಾಕಬೇಕಾಗಿಲ್ಲ. ಓದುವವನು ‘ಯಾರು?’ ಎಂದು ಹಿಂದಿರುಗಿ ನೋಡುವಂತಿದ್ದರೆ ಹಾಕಬೇಕು.

ಎರಡನೆಯ ಕೆಲಸ ಇನ್ನೂ ಸೂಕ್ಷ್ಮವಾದುದು. ಭೂತನ್ಯೂನವು ‘ಆಮೇಲೆ’ ಎಂದೂ ಹೇಳುತ್ತದೆ, ‘ಅದರಿಂದ’ ಎಂದೂ ಹೇಳುತ್ತದೆ, ‘ಹೀಗೆ’ ಎಂದು ರೀತಿಯನ್ನೂ ಹೇಳುತ್ತದೆ. ಸರಪಳಿಯಲ್ಲಿರುವಾಗ ಈ ಭೇದವನ್ನು ಬಾಯಿಬಿಟ್ಟು ಹೇಳಬೇಕಾಗಿಲ್ಲ. ಕತ್ತರಿಸಿದೊಡನೆ ಹೇಳಬೇಕಾಗುತ್ತದೆ. ‘ಕೆರೆ ಬತ್ತಿ ರೈತರು ಊರು ಬಿಟ್ಟು’ ಎಂಬಲ್ಲಿ ‘ಆದ್ದರಿಂದ’ ಎಂದು ಸೇರಿಸಬಹುದು. ‘ಚಿಕ್ಕಣ್ಣನು ಗೌಡಿಕೆ ಮಾಡಿ ಮಳೆಯಿಲ್ಲದೆ’ ಎಂಬಲ್ಲಿ ಅದೇ ಮಾತನ್ನು ಸೇರಿಸಿದರೆ ಪಾಪ, ಮಳೆ ಬಾರದ ಅಪವಾದ ಚಿಕ್ಕಣ್ಣನ ತಲೆಗೆ ಕಟ್ಟಿದಂತಾಗುವುದು! ಅಲ್ಲಿ ‘ಅವನ ಕಾಲದಲ್ಲಿ’ ಎಂದರೆ ಸಾಕು. ಹೀಗೆ ಬಿಡಿಸಿದರೆ ವಾಕ್ಯ ಇಂತಾಗುತ್ತದೆ:

‘ಈ ಗ್ರಾಮದ ಗೌಡ ಮಲ್ಲಪ್ಪನು ಕಾಡು ಕಡಿಸಿ ಊರು ಕಟ್ಟಿದನು. ಕೆರೆ ಕಟ್ಟಿಸಿ ತೂಬು ಇಡಿಸಿದನು. ಹತ್ತು ವರುಷ ಅನುಭವಿಸಿ ಮೃತನಾದನು. ಆಮೇಲೆ ಆತನ ಮಗ ಚಿಕ್ಕಣ್ಣನು ಗೌಡಿಕೆ ಮಾಡಿದನು. ಅವನ ಕಾಲದಲ್ಲಿ ಮಳೆಯಿಲ್ಲದೆ ಕೆರೆ ಬತ್ತಿತು. ಆದ್ದರಿಂದ ರೈತರು ಊರು ಬಿಟ್ಟು ಹೋದರು, ಕಂದಾಯ ನಿಂತಿತು. ಅಮಲ್ದಾರರು ಬಂದು ವಿಚಾರಿಸಿದರು.’

‘ಕಡಿಸಿ’, ‘ಕಟ್ಟಿಸಿ’, ‘ಬಂದು’ ಎಂಬುವನ್ನು ನಾನು ಉಳಿಸಿಕೊಂಡದ್ದನ್ನು ಗಮನಿಸಿ. ಒಬ್ಬನೇ ಒಂದೇ ಉದ್ದೇಶದಿಂದ ಮಾಡಿದ ಕೆಲಸಗಳನ್ನು ತುಂಡು ಮಾಡಿದರೆ ಸಣ್ಣದಕ್ಕೂ ದೊಡ್ಡದಕ್ಕೂ ಒಂದೇ ತೂಕ ಬರುತ್ತದೆ. ‘ಬಿಟ್ಟು ಹೋದರು’ ಎಂಬುದನ್ನಂತೂ ಮುಟ್ಟಲೇಬಾರದು, ಅದು ಹೆಚ್ಚುಕಡಿಮೆ ಒಂದೇ ಕ್ರಿಯೆ. ಹುಡುಗರಿಗೆ ವಾಕ್ಯ ಬಿಡಿಸಲು ಕೊಟ್ಟಾಗ ಒಬ್ಬನು ‘ಓಡಿ ಬಂದನು’ ಎಂಬುದನ್ನು ‘ಓಡಿದನು. ಬಂದನು’ ಎಂದು ಬರೆದ. ಓಡಿಹೋದವನು ಮರಳಿ ಬಂದನೆಂದು ತರಗತಿಯೆಲ್ಲ ನಕ್ಕಿತು.

ಕೊನೆಯ ತುಂಡನ್ನು ಬೇಕೆಂದೇ ಬಿಟ್ಟಿದ್ದೇನೆ. ‘ಏರಿಯನ್ನು ದುರಸ್ತು ಮಾಡಿಸಿ ಬಾಕಿಯನ್ನು ವಸೂಲು ಮಾಡಲಿಲ್ಲ.’ ಏರಿ ದುರಸ್ತಾಯಿತೇ, ಇಲ್ಲವೇ? ಕೊನೆಯ ‘ಇಲ್ಲ’ ಎಂಬುದು ವಸೂಲಿಗೆ ಮಾತ್ರ ಹತ್ತಿದರೆ, ಅಮಲ್ದಾರರು ಏರಿಯನ್ನು ಸರಿಮಾಡಿಸಿದರು, ರೈತರ ಕಷ್ಟವನ್ನು ನೋಡಿ ಬಾಕಿಯನ್ನೂ ಬಿಟ್ಟರು. ಹಿಂದಿನ ‘ಮಾಡಿಸಿ’ಗೂ ಅದು ಹತ್ತಿದರೆ, ಅವರು ಎರಡನ್ನೂ ಮಾಡಲಿಲ್ಲ. ‘ಅವನು ಊರಿಗೆ ಹೋಗಿ ಹಣ ಕೊಡಲಿಲ್ಲ’ ಎಂಬಲ್ಲಿಯೂ ಇದೇ ತೊಡಕು. ಅವನು ಊರಿಗೆ ಹೋದನೋ ಇಲ್ಲವೋ ವಾಕ್ಯ ಹೇಳದು. ಹೇಳಿದವನ ದನಿ ಕೇಳಿದ್ದವರಿಗೆ ಅದು ಗೊತ್ತಿತ್ತು.

ಬಿಡಿಸುವವನು ಇಲ್ಲಿ ‘ಮಾಡಿಸಿದರು’ ಎಂದು ಒಂದು ಪೂರ್ಣ ಕ್ರಿಯಾಪದವನ್ನಿಟ್ಟರೆ ಸರ್ಕಾರದ ಖರ್ಚಿನಲ್ಲಿ ಒಂದು ಕೆರೆಯ ಏರಿ ಎದ್ದು ನಿಲ್ಲುತ್ತದೆ. ನಾಳೆ ಯಾರಾದರೂ ಅದನ್ನೇ ಆಧಾರವೆಂದು ಕೆರೆಯ ಚರಿತ್ರೆ ಬರೆಯುತ್ತಾರೆ. ಆಗ ಮುಂದಿನ ಸಾಲುಗಳನ್ನು ನೋಡಬೇಕು. ಮರುವರುಷ ಗದ್ದೆಯ ಕಂದಾಯ ಬಂದಿತೆಂದಿದೆಯೇ, ರೈತರು ತಿರುಗಿ ಬಂದರೆಂದಿದೆಯೇ? ಊರಿನಲ್ಲಿ ಶಾಸನವೇನಾದರೂ ಇದೆಯೇ, ನೆರೆಯೂರಿನ ಕೈಫಿಯತ್ತು ಏನನ್ನುತ್ತದೆ? ಯಾವುದೂ ದೊರೆಯದಿದ್ದರೆ ಆ ಒಂದು ತುಂಡನ್ನು ಮೂಲದಲ್ಲಿದ್ದಂತೆಯೇ, ಉದ್ಧರಣ ಚಿಹ್ನೆಯೊಳಗೆ ಬಿಟ್ಟು, ಎರಡು ಅರ್ಥಗಳನ್ನೂ ಅಡಿಯಲ್ಲಿ ಬರೆದಿಡುವುದು ಲೇಸು.