ನೀಟ್‌ಗೆ ಮುನ್ನಿನ ಕೊನೆಯ ವಾರ: ಆತಂಕ ಅಂಕ ಕಸಿಯುವುದು ಎಲ್ಲಿ?

ಸಾರಾಂಶ: ಪರೀಕ್ಷಾ ಆತಂಕ ಕೊಠಡಿಯೊಳಗೆ ನೆನಪನ್ನು ಅಳಿಸುತ್ತದೆ ಎಂಬುದು ಸಾಮಾನ್ಯ ನಂಬಿಕೆ. ಅದರ ಹಾನಿ ಹೆಚ್ಚಾಗಿ ಆಗುವುದು ಅದಕ್ಕೂ ಮೊದಲು, ಏನು ಓದಬೇಕು ಎಂಬ ಆಯ್ಕೆ ಕೆಡುವಲ್ಲಿ ಎಂದು ಈ ಲೇಖನ ವಾದಿಸುತ್ತದೆ. ವೈದ್ಯಕೀಯ ಪ್ರವೇಶಕ್ಕಾಗಿ ನಡೆಯುವ ನೀಟ್ ಪರೀಕ್ಷೆಯ ಕೊನೆಯ ಏಳು ದಿನಗಳನ್ನು ಇಲ್ಲಿ ಉದಾಹರಣೆಯಾಗಿ ತೆಗೆದುಕೊಳ್ಳಲಾಗಿದೆ.

1. ಭಯ ಮತ್ತು ಮರೆವು

‘ಎಲ್ಲ ಗೊತ್ತಿತ್ತು, ಹಾಲ್‌ನಲ್ಲಿ ಭಯಕ್ಕೆ ಮರೆತುಹೋಯಿತು’ ಎಂಬ ಮಾತನ್ನು ಪ್ರತಿ ವರ್ಷ ಕೇಳುತ್ತೇವೆ. ಈ ಮಾತನ್ನು ನೇರವಾಗಿ ಪರೀಕ್ಷಿಸಿದವರು ಮರಿಯಾ ಥಿಯೋಬಾಲ್ಡ್ ಮತ್ತು ಸಂಗಡಿಗರು. ಅವರ ಅಧ್ಯಯನ 2022ರಲ್ಲಿ ಪ್ರಕಟವಾಯಿತು. ಅಂತಿಮ ಪರೀಕ್ಷೆಗೆ ಡಿಜಿಟಲ್ ವೇದಿಕೆಯೊಂದರಲ್ಲಿ ತಯಾರಾಗುತ್ತಿದ್ದ ಜರ್ಮನಿಯ ವೈದ್ಯಕೀಯ ವಿದ್ಯಾರ್ಥಿಗಳ ಅಭ್ಯಾಸದ ದಾಖಲೆಗಳು ಅವರ ಕೈಯಲ್ಲಿದ್ದವು. ಹೀಗಾಗಿ ಪರೀಕ್ಷೆಗೆ ಮೊದಲೇ ಯಾರಿಗೆ ಎಷ್ಟು ತಿಳಿದಿತ್ತು ಎಂಬುದನ್ನು ಅಳೆಯಲು ಸಾಧ್ಯವಾಯಿತು. ಆ ತಿಳಿವಳಿಕೆಯನ್ನು ಲೆಕ್ಕಕ್ಕೆ ಹಿಡಿದ ಮೇಲೆ, ಆತಂಕ ಹೆಚ್ಚಿದ್ದವರು ಅದೇ ಕಾರಣಕ್ಕೆ ಕಡಿಮೆ ಅಂಕ ಪಡೆದರು ಎನ್ನಲು ಆಧಾರ ಸಿಗಲಿಲ್ಲ. ಆದರೆ ತಯಾರಿಯ ಅವಧಿಯಲ್ಲಿ ಅಂಥವರು ಕಲಿತದ್ದೇ ಕಡಿಮೆ ಎಂಬುದು ಕಂಡುಬಂತು.

ಆ ವಿದ್ಯಾರ್ಥಿಗಳು ಅನೇಕ ಪರೀಕ್ಷೆಗಳನ್ನು ದಾಟಿ ಬಂದವರು. ಆದ್ದರಿಂದ ಈ ಫಲಿತಾಂಶವನ್ನು ದ್ವಿತೀಯ ಪಿಯುಸಿ ಮುಗಿಸಿದ ಹುಡುಗ ಹುಡುಗಿಯರಿಗೆ ಹಾಗೆಯೇ ಅನ್ವಯಿಸಲಾಗದು. ಆದರೂ ಅದು ತೋರುವ ದಿಕ್ಕು ಸ್ಪಷ್ಟ: ಕಾಪಾಡಿಕೊಳ್ಳಬೇಕಾದದ್ದು ಪರೀಕ್ಷೆಯ ಮೂರು ಗಂಟೆಗಳಿಗಿಂತ ಅದರ ಹಿಂದಿನ ಓದನ್ನು.

2. ಗಾಬರಿಯ ಓದು ಏಕೆ ಮೋಸ ಮಾಡುತ್ತದೆ

ಹೆದರಿದ ವಿದ್ಯಾರ್ಥಿ ಸಾಮಾನ್ಯವಾಗಿ ಎರಡು ಕೆಲಸ ಮಾಡುತ್ತಾನೆ. ಬಿಟ್ಟಿದ್ದ ಅಧ್ಯಾಯವನ್ನು ಹೊಸದಾಗಿ ಹಿಡಿಯುತ್ತಾನೆ, ಇಲ್ಲವೇ ಗೊತ್ತಿರುವ ಪುಟಗಳನ್ನೇ ಮತ್ತೆ ಮತ್ತೆ ತಿರುವುತ್ತಾನೆ. ಎರಡನೆಯದರಿಂದ ತಕ್ಷಣ ಸಮಾಧಾನ ಸಿಗುತ್ತದೆ. ಆ ಸಮಾಧಾನದ ಬೆಲೆ ಎಷ್ಟೆಂದು ರೋಡಿಗರ್ ಮತ್ತು ಕಾರ್ಪಿಕೆ 2006ರಲ್ಲಿ ತೋರಿಸಿದರು. ಒಂದು ಗದ್ಯಭಾಗವನ್ನು ಕೆಲವರು ಎರಡು ಬಾರಿ ಓದಿದರು. ಉಳಿದವರು ಒಮ್ಮೆ ಓದಿ, ನೋಡದೆ ನೆನಪಿನಿಂದ ಬರೆದರು. ಐದು ನಿಮಿಷದ ಬಳಿಕ ಮರು ಓದಿದವರೇ ಮುಂದಿದ್ದರು: ಶೇ. 81ಕ್ಕೆ ಎದುರಾಗಿ ಶೇ. 75. ಒಂದು ವಾರದ ಬಳಿಕ ಲೆಕ್ಕ ತಿರುಗಿತು. ಮರು ಓದಿದವರಿಗೆ ಶೇ. 42ರಷ್ಟು ನೆನಪಿದ್ದರೆ, ನೆನಪಿನಿಂದ ಬರೆದವರಿಗೆ ಶೇ. 56ರಷ್ಟು ಉಳಿದಿತ್ತು.

ಕೊನೆಯ ವಾರಕ್ಕೆ ಈ ಪ್ರಯೋಗ ನೇರವಾಗಿ ಅನ್ವಯವಾಗುತ್ತದೆ. ಭಾನುವಾರದ ಪರೀಕ್ಷೆಗೆ ಸೋಮವಾರ ಕೇವಲ ಕಣ್ಣಾಡಿಸಿದ್ದು ಸೋಮವಾರ ರಾತ್ರಿ ಚೆನ್ನಾಗಿಯೇ ನೆನಪಿರುತ್ತದೆ. ಭಾನುವಾರ ಎಷ್ಟು ಉಳಿಯುತ್ತದೆ ಎಂಬುದೇ ಪ್ರಶ್ನೆ. ಓದು ಗಾಬರಿಯತ್ತ ಜಾರಿದೆಯೇ ಎಂದು ಗುರುತಿಸುವುದೂ ಕಷ್ಟವಲ್ಲ. ಪುಸ್ತಕ ಮುಚ್ಚಿ ಹತ್ತು ನಿಮಿಷದ ನಂತರ ಆ ಭಾಗದ ಐದು ಅಂಶಗಳನ್ನು ಬರೆಯಲಾಗದಿದ್ದರೆ ಆಗಿರುವುದು ಪುಟ ತಿರುವಿದ್ದು ಮಾತ್ರ.

3. ಒಂದು ಕಲ್ಪಿತ ಉತ್ತರಪತ್ರಿಕೆ

2025ರ ಮಾದರಿಯಲ್ಲಿ ನೀಟ್‌ಗೆ 180 ನಿಮಿಷಗಳಲ್ಲಿ 180 ಪ್ರಶ್ನೆಗಳು. ಭೌತಶಾಸ್ತ್ರ 45, ರಸಾಯನಶಾಸ್ತ್ರ 45, ಜೀವಶಾಸ್ತ್ರ 90. ಸರಿಯುತ್ತರಕ್ಕೆ 4 ಅಂಕ, ತಪ್ಪಿಗೆ 1 ಅಂಕ ಕಡಿತ. ಏಳು ದಿನ ಉಳಿದಿರುವಾಗ ಒಬ್ಬ ವಿದ್ಯಾರ್ಥಿನಿ ಮಾಕ್ ಟೆಸ್ಟ್ ಬರೆದಳು ಎಂದುಕೊಳ್ಳೋಣ. ಸರಿ 118, ತಪ್ಪು 37, ಬಿಟ್ಟದ್ದು 25. ಒಟ್ಟು 435 ಅಂಕ.

ಕೈತಪ್ಪಿದ ಈ 62 ಪ್ರಶ್ನೆಗಳನ್ನು ಅವಳು ಮೂರು ಗುಂಪು ಮಾಡುತ್ತಾಳೆ. ಮೊದಲನೆಯದು ಗೊತ್ತಿದ್ದೂ ತಪ್ಪಿದ 14: ‘ಸರಿಯಲ್ಲದ ಹೇಳಿಕೆ’ ಎಂಬುದನ್ನು ‘ಸರಿಯಾದ’ ಎಂದು ಓದಿದ್ದು, ಏಕಮಾನ ಬದಲಿಸದೆ ಲೆಕ್ಕ ಮಾಡಿದ್ದು, ಒಎಂಆರ್ ಹಾಳೆಯಲ್ಲಿ ಪಕ್ಕದ ವೃತ್ತ ತುಂಬಿದ್ದು. ಎರಡನೆಯದು ಅರೆ ನೆನಪಿನ 27. ಇವುಗಳಲ್ಲಿ 15 ತಪ್ಪಾಗಿವೆ, 12 ಬಿಟ್ಟಿದ್ದಾಳೆ. ಉಳಿದ 21 ಪ್ರಶ್ನೆಗಳು ಕಲಿಯದೇ ಬಿಟ್ಟ ಅಧ್ಯಾಯಗಳವು.

ಗಾಬರಿ ಎಳೆಯುವುದು ಮೂರನೆಯ ಗುಂಪಿನತ್ತ. ಆದರೆ ರೊಟೇಷನಲ್ ಮೋಷನ್‌ನಂಥ ಅಧ್ಯಾಯವನ್ನು ಬುಡದಿಂದ ಕಲಿತು ಲೆಕ್ಕ ಬಿಡಿಸುವ ಮಟ್ಟಕ್ಕೆ ಬರಲು ದಿನಗಳೇ ಬೇಕು. ದಕ್ಕುವುದು ಒಂದೆರಡು ಪ್ರಶ್ನೆ. ಮೊದಲ ಗುಂಪಿನ ಗಣಿತ ಬೇರೆ. ಅಲ್ಲಿ ಒಂದು ತಪ್ಪು ಸರಿಯಾದರೆ ಕಳೆದ 1 ಉಳಿಯುತ್ತದೆ, ಬರದ 4 ಬರುತ್ತದೆ. ಹದಿನಾಲ್ಕರಲ್ಲಿ ಅರ್ಧ ಸರಿಯಾದರೂ 35 ಅಂಕ. ಎರಡನೆಯ ಗುಂಪಿನಲ್ಲಿ ತಪ್ಪಾಗಿದ್ದ 5, ಬಿಟ್ಟಿದ್ದ 4 ಪ್ರಶ್ನೆ ಸರಿಯಾದರೆ ಇನ್ನೂ 41. ಹೊಸ ಅಧ್ಯಾಯ ಒಂದನ್ನೂ ಮುಟ್ಟದೆ 435 ಅಂಕ 511 ಆಗುತ್ತದೆ. ಇದು ಭರವಸೆಯಲ್ಲ, ಸಮಯ ಎಲ್ಲಿ ಹಾಕಿದರೆ ಫಲ ಹೆಚ್ಚು ಎಂಬುದರ ಲೆಕ್ಕ.

4. ಏಳು ದಿನಗಳ ಹಂಚಿಕೆ

ಮೊದಲ ದಿನದ ಕೆಲಸ ಮೇಲಿನ ವಿಂಗಡಣೆ. ನಂತರದ ನಾಲ್ಕು ದಿನ ಅರೆ ನೆನಪಿನ ಪಟ್ಟಿಗೆ ಮೀಸಲು. ಉದಾಹರಣೆಗೆ, ಸಸ್ಯ ಹಾರ್ಮೋನುಗಳ ಕೆಲಸವನ್ನು ಪುಸ್ತಕ ಮುಚ್ಚಿ ಬರೆಯುವುದು, ಎನ್‌ಸಿಇಆರ್‌ಟಿ ಪುಟದೊಂದಿಗೆ ಹೋಲಿಸುವುದು, ತಪ್ಪಿದ್ದನ್ನು ಮಾತ್ರ ಮರುದಿನ ಮತ್ತೆ ಬರೆಯುವುದು. ಎರಡು ದಿನ ಸತತವಾಗಿ ಸರಿ ಬಂದದ್ದನ್ನು ಪಟ್ಟಿಯಿಂದ ತೆಗೆಯಬಹುದು. ಪಟ್ಟಿ ಕುಗ್ಗುವುದು ಕಣ್ಣಿಗೆ ಕಾಣುವುದರಿಂದ ‘ಏನೂ ಆಗಿಲ್ಲ’ ಎಂಬ ಚಿಂತೆಗೆ ಲಿಖಿತ ಉತ್ತರವೂ ಸಿಗುತ್ತದೆ.

ನೀಟ್ ನಡೆಯುವುದು ಮಧ್ಯಾಹ್ನ 2ರಿಂದ 5ರವರೆಗೆ. ಊಟದ ನಂತರ ತೂಕಡಿಕೆ ಬರುವ ಹೊತ್ತು ಅದು. ಆದ್ದರಿಂದ ಮೂರು ದಿನ ಮುಂಚೆ ಬರೆಯುವ ಕೊನೆಯ ಮಾಕ್ ಟೆಸ್ಟ್ ಅದೇ ಹೊತ್ತಿನಲ್ಲಿ, ಒಎಂಆರ್ ಹಾಳೆಯ ಮೇಲೆಯೇ ಆಗಬೇಕು; ಆ ದಿನದ ಊಟವೇ ಪರೀಕ್ಷೆಯ ದಿನದ ಊಟವಾಗಲಿ. ಅದರ ನಂತರ ಪೂರ್ಣ ಟೆಸ್ಟ್ ಬೇಡ. ಆಮೇಲೆ ಬಂದ ಕಡಿಮೆ ಅಂಕವನ್ನು ಸರಿಪಡಿಸಲು ಸಮಯವಿಲ್ಲ, ಚಿಂತಿಸಲು ಮಾತ್ರ ಇದೆ. ಕೊನೆಯ ದಿನ ಚಿಕ್ಕ ಪಟ್ಟಿಗಳನ್ನು ನೋಡಿ, ಹಾಲ್ ಟಿಕೆಟ್, ಫೋಟೊ, ಗುರುತಿನ ಚೀಟಿ ಜೋಡಿಸಿ ಸಂಜೆಗೆ ಓದು ನಿಲ್ಲಿಸುವುದು ಒಳಿತು.

5. ನಿದ್ದೆ, ಎದೆಬಡಿತ, ಮಿತಿಗಳು

ನಿದ್ದೆಗೆಟ್ಟು ಓದುವುದು ಲಾಭವೇ? ಲಾಸ್ ಏಂಜಲೀಸ್‌ನ ಪ್ರೌಢಶಾಲಾ ವಿದ್ಯಾರ್ಥಿಗಳ ದಿನಚರಿ ಆಧರಿಸಿ 2013ರಲ್ಲಿ ಪ್ರಕಟವಾದ ಗಿಲೆನ್-ಓನೀಲ್ ಮತ್ತು ಸಹಲೇಖಕರ ಅಧ್ಯಯನದಲ್ಲಿ, ನಿದ್ದೆ ಬಿಟ್ಟು ಹೆಚ್ಚು ಓದಿದ ಮರುದಿನ ಪಾಠ ಅರ್ಥವಾಗದಿರುವುದು, ಪರೀಕ್ಷೆ ಕೆಡುವುದು ಹೆಚ್ಚಾಗಿತ್ತು.

ಆತಂಕದಲ್ಲಿ ಚಿಂತೆ ಮತ್ತು ದೇಹದ ಉದ್ವೇಗ ಎಂಬ ಎರಡು ಎಳೆಗಳಿವೆ ಎಂದು ಲೀಬರ್ಟ್ ಮತ್ತು ಮೋರಿಸ್ 1967ರಲ್ಲೇ ಬೇರ್ಪಡಿಸಿದ್ದರು. ಅಂಕದೊಂದಿಗೆ ಹೆಚ್ಚು ನಂಟಿರುವುದು ಚಿಂತೆಗೆ, ಎದೆಬಡಿತಕ್ಕಲ್ಲ. ಹಾಗಾಗಿ ಬೆವರಿದ ಅಂಗೈ ಸೋಲಿನ ಸೂಚನೆಯಲ್ಲ. ಉದ್ವೇಗ ಪರೀಕ್ಷೆಗೆ ನೆರವಾಗಬಹುದು ಎಂದು ಮೊದಲೇ ತಿಳಿಸಿದವರು ಗಣಿತ ಭಾಗದಲ್ಲಿ ಉತ್ತಮವಾಗಿ ಬರೆದರೆಂದು ಜೇಮಿಸನ್ ತಂಡ 2010ರಲ್ಲಿ ವರದಿ ಮಾಡಿತು. ಇಂಥ ಸುಲಭೋಪಾಯಗಳನ್ನು ಅತಿಯಾಗಿ ನಂಬಬಾರದು. ಪರೀಕ್ಷೆಗೆ ಮೊದಲು ಹತ್ತು ನಿಮಿಷ ಭಯವನ್ನು ಬರೆದರೆ ಅಂಕ ಏರುತ್ತದೆ ಎಂಬ 2011ರ ಪ್ರಸಿದ್ಧ ಫಲಿತಾಂಶ, 2018ರಲ್ಲಿ ಪ್ರಕಟವಾದ ಮರುಪ್ರಯೋಗದಲ್ಲಿ ನಿಲ್ಲಲಿಲ್ಲ.

ಸತತವಾಗಿ ನಿದ್ದೆ ಬಾರದಿರುವುದು, ಊಟ ಸೇರದಿರುವುದು, ಬದುಕೇ ಬೇಡವೆನ್ನಿಸುವುದು ಓದಿನ ವೇಳಾಪಟ್ಟಿಯಿಂದ ಬಗೆಹರಿಯುವ ಸಂಗತಿಗಳಲ್ಲ. ಅಂಥ ಸ್ಥಿತಿಯಲ್ಲಿ ಸರ್ಕಾರದ ಟೆಲಿ-ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಬೇಕು. ಅಲ್ಲಿ ಕನ್ನಡದಲ್ಲೂ ಮಾತನಾಡಬಹುದು.

6. ಸಮಾರೋಪ

ಕೊನೆಯ ವಾರದಲ್ಲಿ ಆತಂಕವನ್ನು ಇಲ್ಲವಾಗಿಸುವುದು ಆಗದ ಕೆಲಸ. ಅದರ ಅಗತ್ಯವೂ ಇಲ್ಲ. ಮುಂದಿನ ಒಂದು ಗಂಟೆ ಯಾವ ಪ್ರಶ್ನೆಗೆ ಹೋಗಬೇಕೆಂಬ ತೀರ್ಮಾನವನ್ನು ಆತಂಕದ ಕೈಯಿಂದ ತೆಗೆದು, ಮಾಕ್ ಟೆಸ್ಟ್‌ನ ತಪ್ಪುಗಳ ಪಟ್ಟಿಗೆ ಕೊಟ್ಟರೆ ಸಾಕು.