ಮೈಸೂರು ಕೋರ್ಟುಗಳ ಪ್ರತಿವಾದಪತ್ರ: ನಿರಾಕರಣೆ, ಸೆಟ್-ಆಫ್, ಕೌಂಟರ್ ಕ್ಲೇಮ್

ಬ್ರಿಟಿಷ್ ಇಂಡಿಯಾದ 1908ರ ಸಿವಿಲ್ ಪ್ರಕ್ರಿಯಾ ಸಂಹಿತೆಯ ಮಾದರಿಯಲ್ಲಿ ಮೈಸೂರು ಸಂಸ್ಥಾನ 1911ರಲ್ಲಿ ತನ್ನದೇ ಸಂಹಿತೆಯನ್ನು ಮಾಡಿಕೊಂಡಿತು. 1951ರ ಏಪ್ರಿಲ್ 1ರಿಂದ ಕೇಂದ್ರದ ಸಂಹಿತೆಯೇ ಇಲ್ಲಿಗೂ ಅನ್ವಯವಾಯಿತು. ಪ್ರತಿವಾದಪತ್ರಕ್ಕೆ ಸಂಬಂಧಿಸಿದ್ದು ಅದರ 8ನೇ ಆದೇಶ. ನಿರಾಕರಣೆಯ ಮತ್ತು ಸೆಟ್-ಆಫ್‌ನ ನಿಯಮಗಳು ಅಲ್ಲಿ ಮೊದಲಿನಿಂದಲೂ ಇದ್ದವು, ಕೌಂಟರ್ ಕ್ಲೇಮ್ ಇರಲಿಲ್ಲ. ಅದು 6ಎ ನಿಯಮವಾಗಿ ಸೇರಿದ್ದು 1976ರ ತಿದ್ದುಪಡಿಯಿಂದ, ಜಾರಿಗೆ ಬಂದದ್ದು 1977ರ ಫೆಬ್ರವರಿ 1ರಂದು. ಹಳೆಯ ಕಡತ ಓದುವವರು ಈ ಅಂತರವನ್ನು ಗಮನದಲ್ಲಿಡಬೇಕು. ಅದಕ್ಕೆ ಮುಂಚೆ ಪ್ರತಿವಾದಿಗೆ ಬೇರೆ ಪರಿಹಾರ ಬೇಕಿದ್ದರೆ ಸಾಮಾನ್ಯವಾಗಿ ಬೇರೆ ದಾವೆಯನ್ನೇ ಹೂಡಬೇಕಿತ್ತು.

ಒಂದು ಕಲ್ಪಿತ ದಾವೆಯನ್ನು ನೋಡೋಣ. ಮೈಸೂರಿನ ಸಗಟು ವ್ಯಾಪಾರಿಯೊಬ್ಬ ಚಿಲ್ಲರೆ ಅಂಗಡಿಯವನ ಮೇಲೆ 2025ರ ಜನವರಿ 2ರಂದು ದಾವೆ ಹೂಡುತ್ತಾನೆ. ನಾಲ್ಕು ಲಕ್ಷ ರೂಪಾಯಿಯ ರೇಷ್ಮೆ ಸೀರೆ ಕೊಟ್ಟೆ, ಒಂದು ರೂಪಾಯಿಯೂ ಬಂದಿಲ್ಲ ಎಂಬುದು ಅವನ ವಾದ. ಪ್ರತಿವಾದಿ ಒಂದು ಲಕ್ಷವನ್ನು ಚೆಕ್ಕಿನಲ್ಲಿ ಕೊಟ್ಟಿದ್ದಾನೆ. ಅದಲ್ಲದೆ ವಾದಿಯೇ 2022ರ ಜನವರಿ 10ರಂದು ಅವನಿಂದ ಒಂದೂವರೆ ಲಕ್ಷ ಕೈಸಾಲ ಪಡೆದು, ಕೇಳಿದಾಗ ಕೊಡುವ ಪ್ರೋನೋಟು ಬರೆದುಕೊಟ್ಟಿದ್ದಾನೆ. ಕೆಲವು ಸೀರೆಗಳ ಬಣ್ಣ ಬಿಟ್ಟು ನಷ್ಟವೂ ಆಗಿದೆ.

"ವಾದಪತ್ರದ ಅಂಶಗಳೆಲ್ಲ ಸುಳ್ಳು" ಎಂಬ ಒಂದೇ ಸಾಲಿನ ಉತ್ತರ ಸಾಲದು. 3ನೇ ನಿಯಮ ಪ್ರತಿ ಸಂಗತಿಗೂ ನಿರ್ದಿಷ್ಟ ಉತ್ತರ ಕೇಳುತ್ತದೆ, 4ನೆಯದು ನುಣುಚಿಕೊಳ್ಳುವ ಉತ್ತರಕ್ಕೆ ಅವಕಾಶ ಕೊಡುವುದಿಲ್ಲ. "ನಾಲ್ಕು ಲಕ್ಷ ಬಾಕಿ ಇಲ್ಲ" ಎಂದಷ್ಟೇ ಬರೆದರೆ ಎಷ್ಟು ಬಾಕಿ ಇದೆ ಎಂಬುದು ತಿಳಿಯುವುದಿಲ್ಲ. ಸೀರೆ ಪಡೆದದ್ದನ್ನು ಒಪ್ಪಿ, ಚೆಕ್ಕಿನ ದಿನಾಂಕ, ಮೊತ್ತ ಹೇಳಿ, ಉಳಿದದ್ದನ್ನು ನಿರಾಕರಿಸಬೇಕು. ನಿರಾಕರಿಸದ ಸಂಗತಿಯನ್ನು 5ನೇ ನಿಯಮದಂತೆ ಒಪ್ಪಿಕೊಂಡಂತೆಯೇ ಎಣಿಸಲಾಗುತ್ತದೆ. ಈ ಮೂರೂ ನಿಯಮಗಳನ್ನು ಒಟ್ಟಾಗಿ ಓದಬೇಕೆಂದು ಸುಪ್ರೀಂ ಕೋರ್ಟು ಬದಾತ್ ಅಂಡ್ ಕಂಪನಿ ಪ್ರಕರಣದಲ್ಲಿ ಹೇಳಿದೆ.

ಹೊಸಬರು ಎಡವುವುದು ಮುಂದಿನ ಹೆಜ್ಜೆಯಲ್ಲಿ. ಚೆಕ್ಕಿನ ಒಂದು ಲಕ್ಷ ಸೆಟ್-ಆಫ್ ಅಲ್ಲ, ಅದು ಪಾವತಿ; ಅದೇ ಸಾಲ ಅಷ್ಟರಮಟ್ಟಿಗೆ ತೀರಿದೆ. ಪ್ರೋನೋಟಿನದು ಬೇರೆಯೇ ಸಾಲ, ಮೊತ್ತವೂ ನಿಶ್ಚಿತ. ಆದ್ದರಿಂದ ಅದು 6ನೇ ನಿಯಮದ ಸೆಟ್-ಆಫ್ ಆಗುತ್ತದೆ. ಬಣ್ಣ ಬಿಟ್ಟ ಸೀರೆಯ ನಷ್ಟ ಇನ್ನೂ ನಿರ್ಧಾರವಾಗಬೇಕಾದದ್ದರಿಂದ ಅದನ್ನು ಕೌಂಟರ್ ಕ್ಲೇಮ್ ಆಗಿ ಕೇಳುವುದು ಸರಿ. 1958ರ ಕರ್ನಾಟಕ ಕೋರ್ಟ್ ಫೀ ಕಾಯಿದೆಯ ಪ್ರಕಾರ ಇವೆರಡಕ್ಕೂ ಫೀ ಕಟ್ಟಬೇಕು, ಪಾವತಿಯ ವಾದಕ್ಕೆ ಬೇಕಿಲ್ಲ.

ಯಾವ ಹೆಸರಿನಲ್ಲಿ ಕೇಳಿದ್ದೇವೆ ಎಂಬುದರ ಪರಿಣಾಮ ಕಾಲಮಿತಿಯಲ್ಲಿ ಎದ್ದು ಕಾಣುತ್ತದೆ. ಪ್ರೋನೋಟಿನ ಮೂರು ವರ್ಷ 2025ರ ಜನವರಿ 10ಕ್ಕೆ ಮುಗಿಯಿತು. ಪ್ರತಿವಾದಪತ್ರ ಸಲ್ಲಿಸಿದ್ದು ಫೆಬ್ರವರಿ 3ರಂದು ಎನ್ನೋಣ. 1963ರ ಕಾಲಮಿತಿ ಕಾಯಿದೆಯ 3ನೇ ಕಲಮು ಸೆಟ್-ಆಫ್ ಅನ್ನು ವಾದಿಯ ದಾವೆಯ ದಿನವೇ ಹೂಡಿದಂತೆ ಭಾವಿಸುತ್ತದೆ, ಹಾಗಾಗಿ ಸಾಲ ಉಳಿಯುತ್ತದೆ. ಕೌಂಟರ್ ಕ್ಲೇಮ್‌ಗಾದರೋ ಅದನ್ನು ಕೋರ್ಟಿನ ಮುಂದಿಟ್ಟ ದಿನವೇ ಲೆಕ್ಕ. ಅದೇ ಪ್ರೋನೋಟನ್ನು ಆ ಹೆಸರಿನಲ್ಲಿ ಕೇಳಿದ್ದರೆ, ನಡುವೆ ಲಿಖಿತ ಒಪ್ಪಿಗೆಯೋ ಭಾಗಶಃ ಪಾವತಿಯೋ ಇಲ್ಲದಿದ್ದಲ್ಲಿ, ಒಂದೂವರೆ ಲಕ್ಷ ಕೈಬಿಟ್ಟುಹೋಗುತ್ತಿತ್ತು.